ಒಂಬತ್ತು ಖಾನೆ, ಎರಡು ಕೈ: ಮೈನ್‌ಕ್ರಾಫ್ಟ್ ಹಾಟ್‌ಬಾರಿನ ಲೆಕ್ಕಾಚಾರ

ಮೈನ್‌ಕ್ರಾಫ್ಟ್ ಆಡುವವರ ಪರದೆಯ ಕೆಳತುದಿಯಲ್ಲಿ ಒಂಬತ್ತು ಚೌಕಗಳ ಒಂದು ಪಟ್ಟಿ ಸದಾ ಕಾಣುತ್ತಿರುತ್ತದೆ. ಅದೇ ಹಾಟ್‌ಬಾರ್. ಆಟಗಾರನ ಬಳಿ ಇನ್ನೂ 27 ಖಾನೆಗಳ ದಾಸ್ತಾನು ಇರುತ್ತದೆ, ಆದರೆ ಅದನ್ನು ತೆರೆಯಲು E ಒತ್ತಬೇಕು, ತೆರೆದಿರುವಷ್ಟು ಹೊತ್ತು ಕಟ್ಟುವ ಕೆಲಸ ನಿಂತಿರುತ್ತದೆ. ಹಾಗಾಗಿ ಇಟ್ಟಿಗೆ, ಗುದ್ದಲಿ, ಪಂಜು, ಊಟ ಎಲ್ಲವೂ ಈ ಒಂಬತ್ತು ಖಾನೆಗಳಲ್ಲೇ ಹೊಂದಿಕೊಳ್ಳಬೇಕು. ಮನೆ ಬೇಗ ಎದ್ದೇಳುವುದೋ ನಿಧಾನವೋ ಎಂಬುದು ಈ ಖಾನೆಗಳ ನಡುವೆ ಕೈ ಹೇಗೆ ಓಡಾಡುತ್ತದೆ ಎಂಬುದರ ಮೇಲೆ ನಿಂತಿದೆ. ಇಲ್ಲಿ ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯ ವಿಷಯ.

ಓಡಾಡಲು ಮುಖ್ಯವಾಗಿ ಎರಡು ದಾರಿಗಳಿವೆ. ಕೀಬೋರ್ಡಿನ 1ರಿಂದ 9ರವರೆಗಿನ ಯಾವ ಅಂಕಿ ಒತ್ತಿದರೂ ಆ ಸಂಖ್ಯೆಯ ಖಾನೆ ನೇರವಾಗಿ ಕೈಗೆ ಬರುತ್ತದೆ. ಇಲ್ಲವೇ ಮೌಸಿನ ಚಕ್ರ ತಿರುಗಿಸಬಹುದು. ತನ್ನ ಕಡೆಗೆ ಒಂದು ಟಿಕ್ ತಿರುಗಿಸಿದರೆ ಆಯ್ಕೆ ಬಲಕ್ಕೆ ಒಂದು ಖಾನೆ ಸರಿಯುತ್ತದೆ, ಮುಂದಕ್ಕೆ ತಳ್ಳಿದರೆ ಎಡಕ್ಕೆ. ಹಲವರು ಗಮನಿಸದ ಒಂದು ಸಂಗತಿ ಇಲ್ಲಿದೆ: ಪಟ್ಟಿಗೆ ತುದಿಯಿಲ್ಲ. ಒಂಬತ್ತನೆಯ ಖಾನೆಯಿಂದ ಬಲಕ್ಕೆ ಹೋದರೆ ಮತ್ತೆ ಒಂದನೆಯದೇ ಬರುತ್ತದೆ. ಅಂದರೆ ನೋಡಲು ಎರಡು ಕೊನೆಗಳಲ್ಲಿರುವ 1 ಮತ್ತು 9 ಚಕ್ರದ ಪಾಲಿಗೆ ಅಕ್ಕಪಕ್ಕದ ಮನೆಯವರು. ಯಾವ ಖಾನೆಯಿಂದ ಯಾವ ಖಾನೆಗಾದರೂ ಹತ್ತಿರದ ಕಡೆಯಿಂದ ಹೋದರೆ ನಾಲ್ಕು ಟಿಕ್‌ಗಿಂತ ಹೆಚ್ಚು ಬೇಡ.

ಹಾಗಿದ್ದರೆ ಚಕ್ರವೊಂದೇ ಸಾಲದೇ? ಸಾಲದು. ನಾಲ್ಕು ಟಿಕ್ ತಿರುಗಿಸುವಾಗ ಬೆರಳಿಗೆ ಲೆಕ್ಕ ಸಿಗುವುದಿಲ್ಲ, ಅವಸರದಲ್ಲಿ ಮೂರಕ್ಕೋ ಐದಕ್ಕೋ ನಿಲ್ಲುತ್ತದೆ. ಅಂಕಿಗಳಲ್ಲಿ ಆ ತಪ್ಪು ಆಗುವುದಿಲ್ಲ, ಆದರೆ ಅಲ್ಲಿ ಬೇರೆ ತೊಡಕಿದೆ. ಎಡಗೈ ಬೆರಳುಗಳು ನಡೆಯಲು W, A, S, D ಮೇಲೆ ಕೂತಿರುತ್ತವೆ. ಅಲ್ಲಿಂದ 1ರಿಂದ 4ರವರೆಗೆ ಸಲೀಸಾಗಿ ಮುಟ್ಟಬಹುದು, 5 ಸ್ವಲ್ಪ ಚಾಚಿದರೆ ಸಿಗುತ್ತದೆ. 7, 8, 9 ಬೇಕೆಂದರೆ ಕೈಯನ್ನೇ ಎತ್ತಬೇಕು, ಎತ್ತಿದ ಕ್ಷಣ ನಡಿಗೆ ನಿಲ್ಲುತ್ತದೆ. ಹಾಗಾಗಿ ದೂರದ ನೆಗೆತಕ್ಕೆ ಅಂಕಿ, ಪಕ್ಕದ ಹೆಜ್ಜೆಗೆ ಚಕ್ರ ಎಂದು ಕೆಲಸ ಹಂಚಿಕೊಳ್ಳುವುದೇ ಸರಿ. ಹಂಚಿಕೆ ಫಲಿಸಬೇಕಾದರೆ ಖಾನೆಗಳ ಜೋಡಣೆಯೂ ಅದಕ್ಕೆ ತಕ್ಕಂತೆ ಇರಬೇಕು.

ಒಂದು ಗೋಡೆ ಕಟ್ಟಿ ನೋಡೋಣ. ಒಂಬತ್ತು ಬ್ಲಾಕ್ ಅಗಲ, ಐದು ಬ್ಲಾಕ್ ಎತ್ತರ. ಎರಡು ಕೊನೆಗಳಲ್ಲಿ ಮತ್ತು ನಡುವೆ ಓಕ್ ದಿಮ್ಮಿಯ ಕಂಬ, ಉಳಿದೆಡೆ ಕಲ್ಲಿಟ್ಟಿಗೆ. ಒಂದೊಂದೇ ಸಾಲು ಹಾಕುತ್ತ ಹೋದರೆ ದಿಮ್ಮಿ, ಮೂರು ಇಟ್ಟಿಗೆ, ದಿಮ್ಮಿ, ಮೂರು ಇಟ್ಟಿಗೆ, ದಿಮ್ಮಿ ಎಂದು ಸಾಲಿಗೆ ನಾಲ್ಕು ಬಾರಿ ಕೈಯಲ್ಲಿರುವುದನ್ನು ಬದಲಿಸಬೇಕು, ಐದು ಸಾಲಿಗೆ 20 ಬಾರಿ. ದಿಮ್ಮಿ ಎರಡನೆಯ ಖಾನೆಯಲ್ಲಿ, ಇಟ್ಟಿಗೆ ಎಂಟನೆಯದರಲ್ಲಿ ಇದ್ದರೆ ಪ್ರತಿ ಬದಲಾವಣೆಗೆ ಮೂರು ಟಿಕ್, ಒಟ್ಟು 60. ಎರಡನ್ನೂ ಐದು ಮತ್ತು ಆರರಲ್ಲಿ ಪಕ್ಕಪಕ್ಕ ಇಟ್ಟರೆ 20 ಟಿಕ್ ಸಾಕು. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ಮೊದಲು ಮೂರೂ ಕಂಬಗಳನ್ನು ಎಬ್ಬಿಸಿ ಆಮೇಲೆ ಇಟ್ಟಿಗೆ ತುಂಬುವುದು. ಆಗ ಬದಲಾವಣೆ ಒಂದೇ ಒಂದು. ನುರಿತವರ ವೇಗ ಬೆರಳಿನದಲ್ಲ, ಕೆಲಸದ ಕ್ರಮದ್ದು ಎನ್ನುವುದು ಇದಕ್ಕೇ.

ಬದಲಾವಣೆ ತಪ್ಪಿಸಲು ಆಟವೂ ಎರಡು ಸೌಕರ್ಯ ಕೊಟ್ಟಿದೆ. ಮೊದಲನೆಯದು ಚಕ್ರವನ್ನೇ ಗುಂಡಿಯಂತೆ ಒತ್ತುವುದು. ಈಗಾಗಲೇ ಇಟ್ಟಿರುವ ಬ್ಲಾಕಿನ ಕಡೆ ನೋಡಿ ಚಕ್ರ ಒತ್ತಿದರೆ ಅದೇ ಬಗೆಯ ಬ್ಲಾಕ್ ಕೈಗೆ ಬರುತ್ತದೆ. ಹಾಟ್‌ಬಾರಿನಲ್ಲಿ ಇಲ್ಲದೆ ದಾಸ್ತಾನಿನಲ್ಲಿ ಇದ್ದರೆ ಅಲ್ಲಿಂದಲೇ ಎಳೆದು ತರುತ್ತದೆ. ಆದರೆ ಹಾಗೆ ತಂದಾಗ ಖಾಲಿ ಖಾನೆ ಇಲ್ಲದಿದ್ದರೆ ಬೇರೆ ಯಾವುದೋ ವಸ್ತು ಒಳಗೆ ಹೋಗುತ್ತದೆ. ಪದೇ ಪದೇ ಬಳಸಿದರೆ ನೀವು ಜೋಡಿಸಿದ ಕ್ರಮ ಕೆಡುತ್ತದೆ. ಕೆಟ್ಟಿದ್ದನ್ನು ಸರಿಪಡಿಸಲು ವಸ್ತುವನ್ನು ಮೌಸಿನಿಂದ ಎಳೆದಾಡಬೇಕಿಲ್ಲ. ದಾಸ್ತಾನು ತೆರೆದು, ವಸ್ತುವಿನ ಮೇಲೆ ಬಾಣ ಇಟ್ಟು, 3 ಒತ್ತಿದರೆ ಅದು ಮೂರನೆಯ ಖಾನೆಯಲ್ಲಿರುವುದರೊಂದಿಗೆ ಅದಲುಬದಲಾಗುತ್ತದೆ.

ಎರಡನೆಯದು ಎಡಗೈ ಖಾನೆ, 2016ರ 1.9 ಆವೃತ್ತಿಯಲ್ಲಿ ಬಂದದ್ದು. F ಒತ್ತಿದರೆ ಬಲಗೈಯಲ್ಲಿರುವುದು ಎಡಗೈಗೆ, ಎಡಗೈಯದು ಬಲಗೈಗೆ. ಗಣಿಯಲ್ಲಿ ಪಂಜನ್ನು ಎಡಗೈಗೆ ಕೊಟ್ಟು ಪಿಕಾಸಿಯನ್ನು ಬಲಗೈಯಲ್ಲಿ ಹಿಡಿದರೆ, ಎಡಗುಂಡಿಯಿಂದ ಕಲ್ಲು ಒಡೆಯುತ್ತ ಬಲಗುಂಡಿಯಿಂದ ಪಂಜು ನೆಡಬಹುದು, ಖಾನೆ ಬದಲಿಸುವ ಪ್ರಶ್ನೆಯೇ ಇಲ್ಲ. ಇದು ನಡೆಯುವುದು ಪಿಕಾಸಿಗೆ ತನ್ನದೇ ಆದ ಬಲಗುಂಡಿ ಕೆಲಸ ಇಲ್ಲದಿರುವುದರಿಂದ. ಕೊಡಲಿ ಹಿಡಿದು ಮರದ ದಿಮ್ಮಿಯ ಮೇಲೆ ಬಲಗುಂಡಿ ಒತ್ತಿದರೆ ಪಂಜು ಬೀಳುವುದಿಲ್ಲ, ದಿಮ್ಮಿಯ ತೊಗಟೆ ಸುಲಿದುಹೋಗುತ್ತದೆ. ಕಟ್ಟಿದ ಕಂಬವೊಂದು ಇದ್ದಕ್ಕಿದ್ದಂತೆ ಬೋಳಾಗಿ ಕಂಡರೆ ಕಾರಣ ಬಹುತೇಕ ಇದೇ.

ಇನ್ನು ಕೆಲಸ ಕೆಡುವ ಬಗೆಗಳು. ಕಲ್ಲು ಅರ್ಧ ಒಡೆದಿರುವಾಗ ಚಕ್ರ ಒಂದು ಟಿಕ್ ಜಾರಿದರೂ ಹಿಡಿದ ವಸ್ತು ಬದಲಾಗಿ, ಬಿರುಕು ಮಾಯವಾಗಿ, ಒಡೆಯುವಿಕೆ ಮೊದಲಿನಿಂದ ಶುರುವಾಗುತ್ತದೆ. 1 ಮತ್ತು 2ರ ಕೆಳಗೇ ಇರುವ Q ತಪ್ಪಿ ಒತ್ತಿದರೆ ಕೈಯಲ್ಲಿದ್ದದ್ದು ನೆಲಕ್ಕೆ ಬೀಳುತ್ತದೆ. ಲಾವಾದಲ್ಲಿ ಬಿದ್ದರೆ ಸಾಮಾನ್ಯ ವಸ್ತು ಸುಟ್ಟೇಹೋಯಿತು, ನೆಲದಲ್ಲಿ ಬಿದ್ದರೆ ಐದು ನಿಮಿಷದೊಳಗೆ ಎತ್ತಿಕೊಳ್ಳಬೇಕು. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಆಡುವವರಿಗೆ ಆಯ್ಕೆ ಒಮ್ಮೆಲೇ ಹಲವು ಖಾನೆ ಹಾರುವ ತೊಂದರೆಯೂ ಉಂಟು. ಮೌಸ್ ಸೆಟ್ಟಿಂಗಿನಲ್ಲಿ Scroll Sensitivity ತಗ್ಗಿಸಿ, Discrete Scrolling ಚಾಲೂ ಮಾಡಿ ನೋಡಿ.

ಕೈಗೆ ಎಟುಕದ ಖಾನೆಗಳಿಗೆ ಬೇರೆ ಗುಂಡಿ ಕೊಡುವುದು ಕೊನೆಯ ಮದ್ದು. ಸೆಟ್ಟಿಂಗಿನ Controls ವಿಭಾಗದಲ್ಲಿ ಪ್ರತಿ ಖಾನೆಯ ಗುಂಡಿಯನ್ನೂ ಬದಲಿಸಬಹುದು. ಮೌಸಿನ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವ ಎರಡು ಗುಂಡಿಗಳಿದ್ದರೆ ಅವೇ ಉತ್ತಮ, ಏಕೆಂದರೆ ಹೆಬ್ಬೆರಳಿಗೆ ಬೇರೆ ಕೆಲಸವಿಲ್ಲ. ಆಟದ options.txt ಕಡತದಲ್ಲಿ ಅದು ಹೀಗೆ ದಾಖಲಾಗುತ್ತದೆ:

```
key_key.hotbar.8:key.mouse.4
key_key.hotbar.9:key.mouse.5
key_key.hotbar.7:key.keyboard.r
```

ಒಂದೇ ಗುಂಡಿಯನ್ನು ಎರಡು ಕೆಲಸಕ್ಕೆ ಕೊಟ್ಟರೆ Controls ಪಟ್ಟಿಯಲ್ಲಿ ಎಚ್ಚರಿಕೆಯ ಬಣ್ಣ ಕಾಣುತ್ತದೆ, ಅದನ್ನು ನೋಡದೆ ಮುಂದೆ ಹೋಗಬೇಡಿ. F ಅನ್ನು ಖಾನೆಗೆ ಕೊಟ್ಟವರು ಎಡಗೈ ಬದಲಾವಣೆಗೆ ಬೇರೊಂದು ಗುಂಡಿ ಹುಡುಕಲೇಬೇಕು.

ಹೊಸದಾಗಿ ಕಟ್ಟಲು ಕೂತವರಿಗೆ ಒಂದು ಜೋಡಣೆ ಹೇಳಬಹುದು: 1ರಿಂದ 4ರವರೆಗೆ ಕತ್ತಿ, ಪಿಕಾಸಿ, ಕೊಡಲಿ, ಸಲಿಕೆ, ಏಕೆಂದರೆ ಇವು ಥಟ್ಟನೆ ಬೇಕು. 5, 6, 7ರಲ್ಲಿ ಆ ದಿನದ ಗೋಡೆಗೆ ಬೇಕಾದ ಬ್ಲಾಕುಗಳು, ಒಟ್ಟಿಗೆ ಬಳಸುವವು ಪಕ್ಕಪಕ್ಕ. 8ರಲ್ಲಿ ನೀರಿನ ಬಕೆಟ್, 9ರಲ್ಲಿ ಊಟ, ಎರಡೂ ಹೆಬ್ಬೆರಳಿನ ಗುಂಡಿಗಳಿಗೆ. ನಿಮಗೆ ಬೇರೆ ಕ್ರಮ ಹಿತವೆನಿಸಿದರೆ ಅದನ್ನೇ ಇಟ್ಟುಕೊಳ್ಳಿ, ಆದರೆ ಪ್ರತಿ ಹೊಸ ಜಗತ್ತಿನಲ್ಲಿ ಬದಲಿಸಬೇಡಿ. ಬೆರಳಿಗೆ ಅಭ್ಯಾಸವಾಗುವುದು ಜಾಗ ಕದಲದಿದ್ದಾಗ ಮಾತ್ರ.