‘ಎಂಬುದಕ್ಕೆ ಆಧಾರವೇನು?’: ದ್ವಿತೀಯ ಭಾಷೆಯಾಗಿ ಕನ್ನಡ ಕಲಿಯುವವರ ಪ್ರಶ್ನಾರಚನೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಕನ್ನಡ ತರಗತಿಗಳಲ್ಲಿ ಕುಳಿತವರೆಲ್ಲರ ಮನೆಮಾತು ಕನ್ನಡವಲ್ಲ. ದಖನಿ, ಲಂಬಾಣಿ ಹಾಗೂ ಗಡಿಗೆ ಹತ್ತಿರವಾದ ಇಂಡಿ ಭಾಗದಲ್ಲಿ ಮರಾಠಿ ಆಡುವ ವಿದ್ಯಾರ್ಥಿಗಳಿಗೆ ಕನ್ನಡವು ದ್ವಿತೀಯ ಭಾಷೆ. ಪಠ್ಯವನ್ನು ಓದಿ ಉತ್ತರ ಬರೆಯಬಲ್ಲ ಇಂಥ ವಿದ್ಯಾರ್ಥಿಯೂ, ಪಠ್ಯವನ್ನು ಕುರಿತು ತಾನೇ ಪ್ರಶ್ನಿಸಬೇಕಾದಾಗ ಬಹುಮಟ್ಟಿಗೆ ‘ಯಾರು’, ‘ಎಲ್ಲಿ’, ‘ಯಾವಾಗ’ಗಳಲ್ಲಿಯೇ ನಿಂತುಬಿಡುತ್ತಾನೆ. ಇದನ್ನು ಆಲೋಚನೆಯ ಕೊರತೆಯೆಂದು ತಿಳಿಯುವುದು ರೂಢಿ. ಆದರೆ ತೊಡಕಿನ ಒಂದು ದೊಡ್ಡ ಭಾಗ ವಾಕ್ಯರಚನೆಯಲ್ಲಿದೆ.

ಪ್ರಶ್ನೆಯ ಸಿದ್ಧ ಚೌಕಟ್ಟುಗಳನ್ನು ವಿದ್ಯಾರ್ಥಿಗಳ ಕೈಗಿತ್ತು ಪರಸ್ಪರ ಪ್ರಶ್ನಿಸಲು ಹಚ್ಚುವ ವಿಧಾನವನ್ನು ಅಮೆರಿಕದಲ್ಲಿ ಅಲಿಸನ್ ಕಿಂಗ್ 1990ರ ಸುಮಾರಿನಲ್ಲಿ ವ್ಯವಸ್ಥಿತವಾಗಿ ರೂಪಿಸಿದರು. ಆ ಚೌಕಟ್ಟುಗಳು ಇಂಗ್ಲಿಷಿನವು. ಅಲ್ಲಿ ಪ್ರಶ್ನೆಯ ಸಿದ್ಧಭಾಗ ವಾಕ್ಯದ ಆರಂಭದಲ್ಲಿರುತ್ತದೆ, ವಿದ್ಯಾರ್ಥಿ ಬಾಲವನ್ನು ತುಂಬಿದರಾಯಿತು. ಕನ್ನಡದಲ್ಲಿ ಇದು ತಲೆಕೆಳಗು. ವಿದ್ಯಾರ್ಥಿ ತುಂಬಬೇಕಾದ ಮಾತು ಮೊದಲು ಬರುತ್ತದೆ, ಸಿದ್ಧಭಾಗ ಕೊನೆಗೆ: ‘... ಎಂಬುದಕ್ಕೆ ಆಧಾರವೇನು?’, ‘... ದುದಕ್ಕೆ ಕಾರಣವೇನು?’ ಆದುದರಿಂದ ‘ವಾಕ್ಯಾರಂಭ’ಗಳ ಪಟ್ಟಿಯನ್ನು ಇಂಗ್ಲಿಷಿನಿಂದ ಅನುವಾದಿಸಿ ಗೋಡೆಗೆ ಅಂಟಿಸುವುದರಿಂದ ಪ್ರಯೋಜನ ಕಡಿಮೆ. ಕನ್ನಡಕ್ಕೆ ಬೇಕಾದುದು ವಾಕ್ಯಾಂತ್ಯಗಳು.

ಈ ಎರಡು ಅಂತ್ಯಗಳ ನಡುವಿನ ಅಂತರವನ್ನು ಗಮನಿಸಬೇಕು. ಕಾರಣ ಕೇಳಲು ಹೊರಟ ಕಲಿಕೆದಾರ ‘ಬಸವಣ್ಣ ಜನಿವಾರ ತೊರೆದನು ಕಾರಣವೇನು?’ ಎಂದು ಬರೆಯಬಹುದು. ಪೂರ್ಣಕ್ರಿಯಾಪದವನ್ನು ‘ತೊರೆದುದಕ್ಕೆ’ ಎಂದು ಮಾರ್ಪಡಿಸುವ ಕೃದಂತರೂಪ ಅವನಿಗೆ ಇನ್ನೂ ವಶವಾಗಿಲ್ಲ. ‘ಎಂಬುದಕ್ಕೆ’ ಬಳಸಿದರೆ ಈ ಕಷ್ಟವಿಲ್ಲ. ‘ತೊರೆದನು’ ಇದ್ದಂತೆಯೇ ಇರುತ್ತದೆ, ಸಂಧಿಯನ್ನೂ ಬಿಡಿಸಿ ಬರೆಯಬಹುದು. ಅರ್ಥದಲ್ಲಿಯೂ ಭೇದವಿದೆ. ‘ತೊರೆದುದಕ್ಕೆ ಕಾರಣವೇನು?’ ಎಂಬ ಪ್ರಶ್ನೆ ಘಟನೆಯನ್ನು ನಡೆದ ಸಂಗತಿಯೆಂದು ಮೊದಲೇ ಒಪ್ಪಿಕೊಂಡಿರುತ್ತದೆ. ‘ತೊರೆದನು ಎಂಬುದಕ್ಕೆ ಆಧಾರವೇನು?’ ಎಂಬುದು ಅದನ್ನು ಯಾರೋ ಆಡಿದ ಹೇಳಿಕೆಯಾಗಿ ಎದುರಿಗಿಡುತ್ತದೆ. ರಚನೆಯಲ್ಲಿ ಸುಲಭವಾದುದೇ ವಿಮರ್ಶೆಗೆ ಹೆಚ್ಚು ಒದಗುವುದೂ ಆಗಿರುವುದು ಬೋಧಕರಿಗೆ ದೊರೆತ ಅನುಕೂಲ.

ಈ ರಚನೆ ದಖನಿ ಮಾತನಾಡುವವರಿಗೆ ಅಪರಿಚಿತವೂ ಅಲ್ಲ. ಶಾಲೆಯ ಉರ್ದುವಿನಲ್ಲಿ ‘ಉಸ್‌ನೆ ಕಹಾ ಕಿ...’ ಎಂದು ಹೇಳಿಕೆಯು ಕ್ರಿಯಾಪದದ ನಂತರ ಬರುತ್ತದೆ. ಮನೆಯ ದಖನಿಯಲ್ಲಾದರೋ ‘ಆತಾ ಬೋಲ್ಕೆ ಬೋಲಾ’ ಎಂಬಂಥ ಪ್ರಯೋಗವುಂಟು. ದ್ರಾವಿಡ ಭಾಷೆಗಳ ಸಂಪರ್ಕದಿಂದ ಬೆಳೆದ ಈ ‘ಬೋಲ್ಕೆ’ ನಮ್ಮ ‘ಎಂದು’ವಿನ ಸ್ಥಾನದಲ್ಲಿಯೇ ನಿಲ್ಲುತ್ತದೆ. ಮರಾಠಿಯ ‘ಮ್ಹಣೂನ್’ ಸಹ ಇಂಥದೇ. ಗ್ರಾಂಥಿಕ ಉರ್ದುವಿಗಿಂತ ಅಶುದ್ಧವೆಂದು ಕಡೆಗಣಿಸಲಾಗುವ ಮನೆಮಾತೇ ಇಲ್ಲಿ ಕನ್ನಡಕ್ಕೆ ಹತ್ತಿರದ ದಾರಿ. ತರಗತಿಯಲ್ಲಿ ‘ಬೋಲ್ಕೆ’ಯನ್ನು ಒಮ್ಮೆ ಕಪ್ಪುಹಲಗೆಯ ಮೇಲೆ ಬರೆದು, ಅದರ ಕೆಳಗೆ ‘ಎಂದು’, ‘ಎಂಬುದು’ಗಳನ್ನಿಟ್ಟು ತೋರಿಸಬಹುದು.

ಬಸವನ ಬಾಗೇವಾಡಿಯದೇ ಪ್ರಸಂಗವನ್ನು ತೆಗೆದುಕೊಳ್ಳೋಣ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಬಸವಣ್ಣ ಧರಿಸಿದ್ದ ಜನಿವಾರವನ್ನು ಮುಂದೆ ತೊರೆದು ಕೂಡಲಸಂಗಮಕ್ಕೆ ಹೊರಡುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ದಲ್ಲಿ ಉಪನಯನವನ್ನೇ ನಿರಾಕರಿಸುತ್ತಾನೆ, 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದುದು ಈ ಪರಂಪರೆಯನ್ನು. ವಿದ್ಯಾರ್ಥಿಗೆ ‘ಬಸವಣ್ಣ ಉಪನಯನವನ್ನು ನಿರಾಕರಿಸಿದನು’ ಎಂಬ ವಾಕ್ಯ ಕೊಟ್ಟು, ಮೊದಲು ‘... ಎಂದು ಹೇಳುವವರು ಯಾರು?’ ಸೇರಿಸಲು ಹೇಳಬೇಕು. ಉತ್ತರ ಸೋಮನಾಥನ ಕಡೆಗೆ ಒಯ್ಯುತ್ತದೆ, ಹರಿಹರನ ಕಡೆಗಲ್ಲ. ಅನಂತರ ‘... ಎಂಬುದಕ್ಕೆ ಆಧಾರವೇನು?’ ಇವೆರಡೂ ಆದ ಮೇಲೆ ‘ಸೋಮನಾಥ ನಿರಾಕರಣೆಯನ್ನು ಹೇಳಿದುದಕ್ಕೆ ಕಾರಣವೇನು?’ ಎಂಬಲ್ಲಿಗೆ ಬರಬಹುದು. ಈಗ ಕೃದಂತ ಬಂದಿದೆ. ಆದರೆ ಅದು ನಡೆದುದೆಂದು ಒಪ್ಪುತ್ತಿರುವುದು ಕವಿಯ ಹೇಳಿಕೆಯನ್ನು ಮಾತ್ರ, ಬಸವಣ್ಣನ ಕ್ರಿಯೆಯನ್ನಲ್ಲ. ಕ್ರಮ ತಪ್ಪಿಸಿ ‘ಕಾರಣವೇನು’ ಎಂಬುದರಿಂದಲೇ ಆರಂಭಿಸಿದರೆ ಎರಡು ಕಥನಗಳ ಭೇದ ಕಣ್ಣಿಗೆ ಬೀಳುವ ಮೊದಲೇ ಮುಚ್ಚಿಹೋಗುತ್ತದೆ.

ಚೌಕಟ್ಟು ಬಾಯಿಪಾಠವಾಗುವ ಅಪಾಯವಿದೆ. ಯಾವ ವಾಕ್ಯಕ್ಕಾದರೂ ‘ಎಂಬುದಕ್ಕೆ ಆಧಾರವೇನು?’ ಎಂದು ಅಂಟಿಸುವ ವಿದ್ಯಾರ್ಥಿ ವಿಶ್ಲೇಷಣೆ ಮಾಡುತ್ತಿಲ್ಲ. ಇದನ್ನು ತಿಳಿಯಲು ಎರಡು ವಾಕ್ಯ ಸಾಕು: ‘ಭೀಮಕವಿ ಬಸವಪುರಾಣವನ್ನು ಕನ್ನಡದಲ್ಲಿ ಬರೆದನು’, ‘ಹರಿಹರ ಉಪನಯನದ ನಿರಾಕರಣೆಯನ್ನು ವರ್ಣಿಸಿದನು’. ಮೊದಲನೆಯದಕ್ಕೆ ‘ಬರೆದುದಕ್ಕೆ ಕಾರಣವೇನು?’ ಎಂದೂ, ಎರಡನೆಯದಕ್ಕೆ ‘ಎಂಬುದಕ್ಕೆ ಆಧಾರವೇನು?’ ಎಂದೂ ಆಯ್ದುಕೊಂಡವನಿಗೆ ಚೌಕಟ್ಟಿನ ಪಟ್ಟಿಯನ್ನು ಇನ್ನು ಕೊಡಬೇಕಾಗಿಲ್ಲ. ಎರಡಕ್ಕೂ ‘ಕಾರಣವೇನು’ ಎಂದವನು ರಗಳೆಯ ಆ ಭಾಗವನ್ನು ಮತ್ತೊಮ್ಮೆ ಓದಬೇಕು. ವಚನವೊಂದರ ಪ್ರತಿಮೆಯನ್ನು ಕುರಿತು ಕೇಳುವಾಗ ಈ ಚೌಕಟ್ಟು ಅಷ್ಟಾಗಿ ನೆರವಾಗದು. ಅಲ್ಲಿ ಆಧಾರ ಬೇಡುವಂಥ ಹೇಳಿಕೆ ಇರುವುದಿಲ್ಲ, ‘ಈ ಪದದ ಬದಲು ಬೇರೊಂದು ಬಂದಿದ್ದರೆ...’ ಎಂದು ಆರಂಭವಾಗುವ ಬೇರೆಯೇ ಬಗೆಯ ಪ್ರಶ್ನೆ ಬೇಕಾಗುತ್ತದೆ.