ಮುಂದೋಡುವ ಕಾಲಿಗೆ ಕೊಂಚ ತಡೆ

ಶಾಲೆ ತೆರೆಯುವ ಹೊತ್ತಿಗೆ ಹೊಲಿಸಿದ ಹೊಸ ಪ್ಯಾಂಟಿನ ಒಂದು ಅಂಚು ನೆಲವನ್ನು ಒರೆಸುತ್ತದೆ; ಇನ್ನೊಂದು ಅಂಚು ಸರಿಯಾಗಿ ಹಿಮ್ಮಡಿಯ ಮೇಲೆ ನಿಲ್ಲುತ್ತದೆ. ತಾಯಿ ದರ್ಜಿಯನ್ನು ದೂರುತ್ತಾಳೆ. ದರ್ಜಿ ಅಳತೆಯ ಪಟ್ಟಿಯನ್ನು ತೆಗೆದು ತೋರಿಸುತ್ತಾನೆ: ಅವನ ಹೊಲಿಗೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಹುಡುಗನ ಕಾಲಿನಲ್ಲಿ!

ಇಂಥ ಒಂದು ಮನೆ ಭಾಲ್ಕಿಯಲ್ಲಿದೆಯೆಂದು ವಾಚಕರು ಭಾವಿಸಿಕೊಳ್ಳಲಿ. ಹುಡುಗ ಹಸುಗೂಸಾಗಿದ್ದಾಗ ಬಲದ ತೊಡೆಮೂಳೆಯಲ್ಲಿ ಕೀವಾಗಿ, ವಾಸಿಯಾಗಿತ್ತು. ಆದರೆ ಆ ಕಾಲು ಅಂದಿನಿಂದ ತುಸು ನಿಧಾನವಾಗಿ ಬೆಳೆಯುತ್ತಿದೆ. ಹಿಂದೆ ಇಂಥ ಕಾಲುಗಳಿಗೆ ಪೋಲಿಯೊ ಬೇನೆಯೇ ದೊಡ್ಡ ಕಾರಣವಾಗಿತ್ತು. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನಿಂದ ಒಂದು ಮಗುವಿಗೂ ಬೇನೆ ತಗುಲಿಲ್ಲ. ಆದರೂ ಮೂಳೆಯ ಕೀವು, ಪೆಟ್ಟು, ಹುಟ್ಟಿನಿಂದಲೇ ಬಂದ ಕೊರತೆ ಇವು ಉಳಿದುಕೊಂಡಿವೆ.

ತಾಯಿ ಮಗನನ್ನು ಕರೆದುಕೊಂಡು ರೈಲಿನಲ್ಲಿ ಬೀದರಿಗೆ ಬರುತ್ತಾಳೆ. ಮೂಳೆಯ ವೈದ್ಯರು ಎಲ್ಲವನ್ನೂ ನೋಡಿ, ಶಸ್ತ್ರಚಿಕಿತ್ಸೆ ಮಾಡಬೇಕಾದದ್ದು ಎಡಗಾಲಿಗೆ ಎನ್ನುತ್ತಾರೆ. ತಾಯಿ ದಿಗಿಲುಗೊಳ್ಳುತ್ತಾಳೆ.

"ಛಲೋ ಇದ್ದ ಕಾಲಿಗಿ ಯಾಕ್ ಕೈ ಹಚ್ಚತೀರಿ, ಡಾಕ್ಟರ್ ಸಾಬ್?"

ಈ ಪ್ರಶ್ನೆ ಅವಳೊಬ್ಬಳದೇ ಅಲ್ಲ, ಕೇಳಿದವರೆಲ್ಲರಿಗೂ ಮೂಡುವಂಥದು. ಉತ್ತರವನ್ನು ತಿಳಿಯಬೇಕಾದರೆ ಮೂಳೆ ಬೆಳೆಯುವ ಬಗೆಯನ್ನು ಅರಿಯಬೇಕು. ಮೂಳೆಯು ಗಿಡದ ಕೊಂಬೆಯಂತೆ ತುದಿಗಳ ಬಳಿಯಲ್ಲಿ ಉದ್ದವಾಗುತ್ತದೆ. ಅಲ್ಲಿ ಎಳೆಯ ಮೃದ್ವಸ್ಥಿಯ ತೆಳುವಾದ ಒಂದು ತಟ್ಟೆಯಿದೆ. ಅದು ಹೊಸ ಮೂಳೆಯನ್ನು ಕಟ್ಟುತ್ತ ಹೋಗುತ್ತದೆ. ಹರೆಯ ಮುಗಿಯುವ ಹೊತ್ತಿಗೆ ತಾನೇ ಗಟ್ಟಿಯಾಗಿ ಮೂಳೆಯಲ್ಲಿ ಲೀನವಾಗುತ್ತದೆ. ಉದ್ದ ಕಾಲಿನ ಒಂದು ತಟ್ಟೆಯನ್ನು ಕೆಲವು ವರ್ಷ ಮುಂಚಿತವಾಗಿಯೇ ಮುಚ್ಚಿಬಿಟ್ಟರೆ, ಮುಂದೋಡುತ್ತಿದ್ದ ಕಾಲು ನಿಧಾನಿಸುತ್ತದೆ; ಹಿಂದುಳಿದ ಕಾಲು ಬಂದು ಜೊತೆಗೂಡುತ್ತದೆ. ಇದಕ್ಕೆ ಎಪಿಫಿಸಿಯೋಡೆಸಿಸ್ ಎಂದು ಹೆಸರು. 1933ರಲ್ಲಿ ಇದನ್ನು ಮೊದಲು ವಿವರಿಸಿದವರು ಷಿಕಾಗೋ ನಗರದ ಡಲ್ಲಾಸ್ ಫೆಮಿಸ್ಟರ್. ಅವರು ತಟ್ಟೆಯಿದ್ದ ಕಡೆಯಿಂದ ಮೂಳೆಯ ಚೌಕವಾದ ತುಂಡೊಂದನ್ನು ತೆಗೆದು, ಅದನ್ನು ತಿರುಗಿಸಿ ಮತ್ತೆ ಅಲ್ಲಿಯೇ ಕೂರಿಸುತ್ತಿದ್ದರು.

ಇಂದು ಅಷ್ಟು ದೊಡ್ಡ ಗಾಯ ಬೇಕಿಲ್ಲ. ಹುಡುಗನಿಗೆ ಅರಿವಳಿಕೆ ಕೊಟ್ಟು, ಮಂಡಿಯ ಎರಡೂ ಪಕ್ಕಗಳಲ್ಲಿ ಸುಮಾರು 1 ಸೆಂಟಿಮೀಟರಿನ ಸೀಳು ಮಾಡುತ್ತಾರೆ. ಎಕ್ಸ್-ರೇ ಪರದೆಯಲ್ಲಿ ದಾರಿ ನೋಡಿಕೊಳ್ಳುತ್ತ ಸಣ್ಣ ಬೈರಿಗೆಯಿಂದ ಕೊರೆದು, ಎರಡೂ ಕಡೆಯಿಂದ ತಟ್ಟೆಯನ್ನು ಕೆರೆದು ತೆಗೆಯುತ್ತಾರೆ. ಆ ಜಾಗದಲ್ಲಿ ಮೂಳೆ ಬೆಸೆದುಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ಮನೆ; ಕೆಲವು ವಾರ ಊರುಗೋಲು; ಆಮೇಲೆ ಮೆಲ್ಲಗೆ ಆಟ. ಕಷ್ಟವಿರುವುದು ಕತ್ತರಿಯ ಕೆಲಸದಲ್ಲಲ್ಲ, ಕಾಲವನ್ನು ಆರಿಸುವುದರಲ್ಲಿ.

ನಮ್ಮ ಹುಡುಗನ ಲೆಕ್ಕವನ್ನೇ ನೋಡೋಣ. ವೈದ್ಯರು ಅವನನ್ನು ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗೆ ಮರದ ಹಲಗೆಗಳನ್ನು ಒಂದೊಂದಾಗಿ ಇಡುತ್ತ, ಸೊಂಟದ ಎರಡೂ ಬದಿ ಸಮವಾಗುವವರೆಗೆ ಏರಿಸಿದರು. ಅಳತೆಗೋಲಿನೊಡನೆ ಎರಡೂ ಕಾಲುಗಳ ಎಕ್ಸ್-ರೇ ತೆಗೆಸಿದರು. ಕಳೆದ ವರ್ಷ ವ್ಯತ್ಯಾಸ 1.9 ಸೆಂಟಿಮೀಟರ್ ಇತ್ತು. ಈ ವರ್ಷ 2.2. ಎಂದರೆ ವರ್ಷಕ್ಕೆ 3 ಮಿಲಿಮೀಟರಿನಂತೆ ಹೆಚ್ಚುತ್ತಿದೆ.

ಇನ್ನು ವಯಸ್ಸು. ಶಾಲೆಯ ದಾಖಲೆಯಲ್ಲಿ ಜೂನ್ 1ರ ಜನ್ಮದಿನ. ಅದರ ಪ್ರಕಾರ ಅವನಿಗೆ 12. ಜೂನ್ 1ರಂದು ಹುಟ್ಟಿದವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಎಂಬುದನ್ನು ವಾಚಕರೇ ಬಲ್ಲರು! ವೈದ್ಯರು ದಾಖಲೆಯನ್ನು ಬದಿಗಿಟ್ಟು, ಎಡ ಅಂಗೈ ಹಾಗೂ ಮಣಿಕಟ್ಟಿನ ಎಕ್ಸ್-ರೇ ತೆಗೆಸಿದರು. ಅಲ್ಲಿಯ ಸಣ್ಣ ಮೂಳೆಗಳನ್ನು ಮಾದರಿ ಚಿತ್ರಗಳೊಡನೆ ಹೋಲಿಸಿದಾಗ ಮೂಳೆಯ ವಯಸ್ಸು 13 ಎಂದು ತಿಳಿಯಿತು.

ಈಗ ಮೆಲ್ಬೋರ್ನಿನ ವೈದ್ಯ ಮೆನೆಲಾಸ್ ಅವರು 1966ರಲ್ಲಿ ಪ್ರಚಾರಕ್ಕೆ ತಂದ ಸುಲಭ ಸೂತ್ರವು ನೆರವಿಗೆ ಬರುತ್ತದೆ. ಹುಡುಗರ ಕಾಲು ಸುಮಾರು 16ಕ್ಕೆ, ಹುಡುಗಿಯರದು 14ಕ್ಕೆ ಬೆಳವಣಿಗೆ ನಿಲ್ಲಿಸುತ್ತದೆ. ಅಲ್ಲಿಯವರೆಗೆ ತೊಡೆಮೂಳೆಯ ಕೆಳತುದಿ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್, ಮಂಡಿಯ ಕೆಳಗಿನ ದೊಡ್ಡ ಮೂಳೆಯ ಮೇಲ್ತುದಿ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಹುಡುಗನಿಗೆ ಉಳಿದಿರುವುದು 3 ವರ್ಷ. ಸುಮ್ಮನಿದ್ದರೆ ವ್ಯತ್ಯಾಸ 3.1 ಸೆಂಟಿಮೀಟರಿಗೆ ಏರುತ್ತದೆ. ಎಡ ತೊಡೆಯ ಕೆಳತಟ್ಟೆಯನ್ನು ಈಗಲೇ ಮುಚ್ಚಿದರೆ 3 ಸೆಂಟಿಮೀಟರ್ ಕಡಿಮೆಯಾಗಿ, ಎರಡೂ ಕಾಲು ಹೆಚ್ಚುಕಡಿಮೆ ಸಮವಾಗುತ್ತವೆ.

ದಾಖಲೆಯ ವಯಸ್ಸನ್ನೇ ನಂಬಿ ಒಂದು ವರ್ಷ ಕಾದಿದ್ದರೆ? ಅದೇ ತಟ್ಟೆಯಿಂದ 2 ಸೆಂಟಿಮೀಟರ್ ಮಾತ್ರ ದಕ್ಕುತ್ತಿತ್ತು. ಮಂಡಿಯ ಕೆಳಗಿನ ತಟ್ಟೆಯನ್ನೂ ಮುಚ್ಚಬೇಕಾಗುತ್ತಿತ್ತು. ಎರಡು ವರ್ಷ ಕಾದಿದ್ದರೆ ಎರಡನ್ನೂ ಮುಚ್ಚಿದರೂ 1.6 ಸೆಂಟಿಮೀಟರಿಗಿಂತ ಹೆಚ್ಚು ಸಿಗುತ್ತಿರಲಿಲ್ಲ. ಮೂರು ವರ್ಷವಾದ ಮೇಲೆ ಈ ಚಿಕಿತ್ಸೆಗೆ ಅವಕಾಶವೇ ಇಲ್ಲ. ಆಗ ಉಳಿಯುವುದು ಎತ್ತರದ ಅಟ್ಟೆಯ ಚಪ್ಪಲಿ, ಇಲ್ಲವೇ ಮೂಳೆಯನ್ನೇ ಕತ್ತರಿಸಿ ಗಿಡ್ಡ ಮಾಡುವ ಅಥವಾ ತಿಂಗಳುಗಟ್ಟಲೆ ಎಳೆದು ಉದ್ದ ಮಾಡುವ ದೊಡ್ಡ ಚಿಕಿತ್ಸೆ. ಹುಡುಗಿಯಾಗಿದ್ದರೆ ಈ ಎಲ್ಲ ಲೆಕ್ಕವೂ ಎರಡು ವರ್ಷ ಮುಂಚೆಯೇ ಆಗಬೇಕು.

ಅವಸರವೂ ಅಪಾಯವೇ. ಬೇಗನೆ ಮುಚ್ಚಿದರೆ ಉದ್ದವಾಗಿದ್ದ ಕಾಲೇ ಗಿಡ್ಡವಾದೀತು; ಕೆರೆದು ತೆಗೆದ ತಟ್ಟೆ ಮತ್ತೆ ಹುಟ್ಟದು. ಒಂದು ಪಕ್ಕದಲ್ಲಿ ಚೂರು ಉಳಿದುಕೊಂಡರೆ ಆ ಪಕ್ಕ ಮಾತ್ರ ಬೆಳೆದು ಮಂಡಿ ಒಳಕ್ಕೋ ಹೊರಕ್ಕೋ ಬಾಗುತ್ತದೆ. ಆದಕಾರಣ ಬೆಳವಣಿಗೆ ಮುಗಿಯುವವರೆಗೂ ಆರು ತಿಂಗಳಿಗೊಮ್ಮೆ ತೋರಿಸಲೇಬೇಕು. ತಟ್ಟೆಯನ್ನು ಕೆರೆಯದೆ, ಅದಕ್ಕೆ ಅಡ್ಡಲಾಗಿ ತಿರುಪು ಅಥವಾ ಲೋಹದ ಪಟ್ಟಿ ಹಾಕಿ ಕಟ್ಟಿಹಾಕುವ ವಿಧಾನಗಳೂ ಇವೆ. ಬೇಕೆಂದಾಗ ತೆಗೆಯಬಹುದೆಂಬುದು ಅವುಗಳ ಹಿರಿಮೆ. ಆದರೆ ತೆಗೆದ ಮೇಲೆ ಬೆಳವಣಿಗೆ ಮೊದಲಿನಂತೆ ಮುಂದುವರಿಯುತ್ತದೆಂಬ ಭರವಸೆಯಿಲ್ಲ.

ಎಲ್ಲರಿಗೂ ಇದು ಬೇಕಿಲ್ಲ. ಕೊನೆಯ ವ್ಯತ್ಯಾಸ 2 ಸೆಂಟಿಮೀಟರಿಗಿಂತ ಕಡಿಮೆಯಾದರೆ ಚಪ್ಪಲಿಯ ಅಟ್ಟೆಯೇ ಸಾಕು, ಎಷ್ಟೋ ಸಲ ಅದೂ ಬೇಡ. 5 ಸೆಂಟಿಮೀಟರನ್ನು ಮೀರಿದರೆ ಸಾಮಾನ್ಯವಾಗಿ ಗಿಡ್ಡ ಕಾಲನ್ನು ಉದ್ದ ಮಾಡುವ ಯೋಚನೆ ಬರುತ್ತದೆ. ನಡುವಿನವರಿಗೆ ಇದು ಹೊಂದುತ್ತದೆ. ಯುರೋಪಿನ ಕೆಲವು ದೇಶಗಳಲ್ಲಿ ಅತಿ ಎತ್ತರಕ್ಕೆ ಬೆಳೆಯುವ ಮಕ್ಕಳಿಗೂ ಎರಡೂ ಕಾಲುಗಳಲ್ಲಿ ಇದನ್ನೇ ಮಾಡುವುದುಂಟು.

ತಾಯಿಯ ಪ್ರಶ್ನೆಗೆ ವೈದ್ಯರು ಮುಚ್ಚುಮರೆಯಿಲ್ಲದೆ ಉತ್ತರವಿತ್ತರು: ಒಳ್ಳೆಯ ಕಾಲು 3 ಸೆಂಟಿಮೀಟರ್ ಎತ್ತರವನ್ನು ಬಿಟ್ಟುಕೊಡುತ್ತದೆ, ಹುಡುಗ ಅಷ್ಟು ಕುಳ್ಳಗಾಗುತ್ತಾನೆ. ಕೀವಾಗಿ ಗಾಸಿಗೊಂಡ ಕಾಲನ್ನು ಮತ್ತೆ ನೋಯಿಸುವುದಕ್ಕಿಂತ ಈ ಬೆಲೆ ಹಗುರ. ಒಪ್ಪುವುದೂ ಬಿಡುವುದೂ ಮನೆಯವರ ಕೈಯಲ್ಲಿದೆ. ಆದರೆ ಆಲೋಚಿಸಲು ಅವರಿಗಿರುವುದು ವಾರಗಳು, ವರ್ಷಗಳಲ್ಲ.

ಔರಾದಿನಿಂದ ಬಸ್ಸಿನಲ್ಲಿ ಬರುವವರಾಗಲಿ, ಬೀದರಿನಲ್ಲಿಯೇ ಇರುವವರಾಗಲಿ, ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಎರಡೂ ಮಂಡಿಗಳನ್ನು ಮಡಿಸಿ, ಹಿಮ್ಮಡಿಗಳನ್ನು ಜೋಡಿಸಿರಿ. ಮಂಡಿಗಳೆರಡೂ ಒಂದೇ ಎತ್ತರದಲ್ಲಿಲ್ಲದಿದ್ದರೆ, ಮಗು ಹತ್ತನೆಯ ವರ್ಷವನ್ನು ದಾಟುವ ಮುನ್ನವೇ ಮೂಳೆಯ ವೈದ್ಯರಿಗೆ ತೋರಿಸಿರಿ. ದರ್ಜಿಯೊಡನೆ ಜಗಳವನ್ನು ಆಮೇಲೆ ಆಡಬಹುದು.