ಭಾನುವಾರ ಸಂಜೆ ಐದೂವರೆ, ಯಾವ ಊರಿನ ಗಡಿಯಾರದಲ್ಲಿ?

ದೇಶ ದೇಶಗಳಲ್ಲಿ ಹಂಚಿಹೋದ ಮನೆಮಂದಿಯನ್ನು ವಿಡಿಯೊ ಕರೆಯಲ್ಲಿ ಸೇರಿಸಲು ಹೊರಟವರು ಸಾಮಾನ್ಯವಾಗಿ ಬರೆಯುವುದು ಇಷ್ಟೇ: ‘ಭಾನುವಾರ ಸಂಜೆ 5.30ಕ್ಕೆ ಎಲ್ಲರೂ ತಪ್ಪದೆ ಬನ್ನಿ.’ ಊರಿನಲ್ಲಿರುವವರಿಗೆ ಇದು ಸಾಕು. ಹೊರಗಿರುವವರು ತಮ್ಮ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕು, ಅದರಲ್ಲಿ ಯಾರಾದರೊಬ್ಬರು ಒಂದು ಗಂಟೆ ತಪ್ಪುತ್ತಾರೆ. ಆ ಲೆಕ್ಕವನ್ನು ಕರೆಯುವವರೇ ಒಮ್ಮೆ ಸರಿಯಾಗಿ ಮಾಡಿ ಬರೆದುಕೊಡುವುದು ಮೇಲು.

ಒಂದು ಉದಾಹರಣೆ ನೋಡೋಣ. ಅಜ್ಜಿ, ದೊಡ್ಡಪ್ಪ ಶಿವಮೊಗ್ಗದಲ್ಲಿದ್ದಾರೆ. ಮಕ್ಕಳು, ಮೊಮ್ಮಕ್ಕಳು ದುಬೈ, ಲಂಡನ್, ನ್ಯೂಜೆರ್ಸಿ, ಮೆಲ್ಬರ್ನ್‌ಗಳಲ್ಲಿದ್ದಾರೆ. 2026ರ ನವೆಂಬರ್ 1 ಭಾನುವಾರ ಬಂದಿದೆ, ರಾಜ್ಯೋತ್ಸವವೂ ಹೌದು. ಅಂದು ಸಂಜೆ ಸೇರೋಣವೆಂದು ದೊಡ್ಡಪ್ಪ ಹೇಳಿದ್ದಾರೆ.

ಈ ದಿನಾಂಕದಲ್ಲೇ ಒಂದು ತೊಡಕಿದೆ. ಭಾರತದಲ್ಲಿ ಮತ್ತು ದುಬೈಯಲ್ಲಿ ಗಡಿಯಾರ ವರ್ಷಪೂರ್ತಿ ಒಂದೇ ಸಮನೆ ನಡೆಯುತ್ತದೆ. ಬ್ರಿಟನ್, ಅಮೆರಿಕದ ಹೆಚ್ಚಿನ ಭಾಗ ಮತ್ತು ಮೆಲ್ಬರ್ನ್‌ಗಳಲ್ಲಿ ಮಾತ್ರ ಬೇಸಿಗೆಗೆ ಒಂದು ಗಂಟೆ ಮುಂದಿಟ್ಟು, ಆಮೇಲೆ ಹಿಂದಕ್ಕೆ ತರುತ್ತಾರೆ. ಇದಕ್ಕೆ ‘ಡೇಲೈಟ್ ಸೇವಿಂಗ್’ ಎನ್ನುತ್ತಾರೆ. ಎಲ್ಲರೂ ಒಂದೇ ದಿನ ಬದಲಿಸುವುದಿಲ್ಲ. ಮೆಲ್ಬರ್ನ್‌ನವರು ಅಕ್ಟೋಬರ್ 4ರಂದು ಮುಂದಿಡುತ್ತಾರೆ, ಲಂಡನ್ನಿನವರು ಅಕ್ಟೋಬರ್ 25ರಂದು ಹಿಂದಿಡುತ್ತಾರೆ. ನ್ಯೂಜೆರ್ಸಿಯಲ್ಲಿ ಹಿಂದಿಡುವುದು ಸರಿಯಾಗಿ ನವೆಂಬರ್ 1ರ ಬೆಳಗಿನ ಜಾವ ಎರಡು ಗಂಟೆಗೆ.

ಶನಿವಾರ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ, ಭಾನುವಾರ ಎದ್ದಾಗ ಹತ್ತೂವರೆ ಗಂಟೆ. ಹಳೆಯ ಲೆಕ್ಕ ನಂಬಿದ ಚಿಕ್ಕಮ್ಮ ಬೆಳಿಗ್ಗೆ 8ಕ್ಕೆ ಕರೆಗೆ ಸೇರಿಕೊಂಡರೆ ಊರಿನಲ್ಲಿ ಆಗಲೇ ಆರೂವರೆ, ಅಜ್ಜಿ ಮಾತು ಮುಗಿಸಿ ಎದ್ದಿರುತ್ತಾರೆ. ಫೋನಿನ ವಿಶ್ವ ಗಡಿಯಾರ ನೋಡಿ ಲೆಕ್ಕ ಹಾಕುವವರೂ ಎಡವುವುದು ಇಲ್ಲೇ. ಅದು ಹೇಳುವುದು ಈ ಹೊತ್ತಿನ ವ್ಯತ್ಯಾಸವನ್ನು, ಮುಂದಿನ ತಿಂಗಳಿನದ್ದನ್ನಲ್ಲ. ಹಾಗಾಗಿ ಕ್ಯಾಲೆಂಡರ್ ಆ್ಯಪ್‌ನಲ್ಲಿ ಆ ದಿನಾಂಕಕ್ಕೇ ಭಾರತದ ಸಮಯದಲ್ಲಿ ಕಾರ್ಯಕ್ರಮ ನಮೂದಿಸಿ, ಬೇರೆ ಊರುಗಳ ಸಮಯಕ್ಕೆ ಬದಲಿಸಿ ನೋಡಬೇಕು. ಗೂಗಲ್ ಕ್ಯಾಲೆಂಡರ್‌ನಲ್ಲಿ ನಮ್ಮ ಸಮಯ ಕೋಲ್ಕತ್ತ ಎಂಬ ಹೆಸರಿನಡಿ ಸಿಗುತ್ತದೆ.

ಹಾಗೆ ನೋಡಿ ಬರೆದರೆ ಪ್ರಕಟಣೆ ಹೀಗಾಗುತ್ತದೆ:

ಮನೆಯವರೆಲ್ಲರ ಭೇಟಿ
2026ರ ನವೆಂಬರ್ 1, ಭಾನುವಾರ
ಶಿವಮೊಗ್ಗ: ಸಂಜೆ 5.30
ದುಬೈ: ಸಂಜೆ 4
ಲಂಡನ್: ಮಧ್ಯಾಹ್ನ 12
ನ್ಯೂಜೆರ್ಸಿ: ಬೆಳಿಗ್ಗೆ 7 (ಅಂದು ನಿಮ್ಮಲ್ಲಿ ಗಡಿಯಾರ ಹಿಂದೆ ಹೋಗಿರುತ್ತದೆ)
ಮೆಲ್ಬರ್ನ್: ರಾತ್ರಿ 11
ಒಟ್ಟು ಒಂದು ಗಂಟೆ. ನಿಮ್ಮ ಊರಿನ ಸಮಯ ಬರೆದು ಉತ್ತರಿಸಿ.

ಇದರಲ್ಲಿ ಐಎಸ್‌ಟಿ, ಇಎಸ್‌ಟಿ ಎಂಬ ಅಕ್ಷರಗಳಿಲ್ಲ. ಐಎಸ್‌ಟಿ ನಮಗೆ ಭಾರತದ ಸಮಯ, ಇಸ್ರೇಲ್ ಮತ್ತು ಐರ್ಲೆಂಡಿನವರಿಗೆ ಅವರದೇ ಸಮಯ. ಊರಿನ ಹೆಸರಿಗೆ ಈ ಗೊಂದಲವಿಲ್ಲ, ಅಜ್ಜಿಗೂ ಅರ್ಥವಾಗುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆದದ್ದಕ್ಕೂ ಕಾರಣವಿದೆ: 1/11 ಎಂದರೆ ಅಮೆರಿಕದಲ್ಲಿ ಬೆಳೆದ ಮೊಮ್ಮಗಳು ಜನವರಿ 11 ಎಂದು ಓದುತ್ತಾಳೆ. ವಾರದ ಹೆಸರು ಜೊತೆಗಿದ್ದರೆ ಅಂಥ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಲಂಡನ್ನಿನ ಸಾಲಿನಲ್ಲಿ ಬರೀ ‘12’ ಎಂದಿದ್ದರೆ ನಡುರಾತ್ರಿಯೋ ನಡುಹಗಲೋ ಎಂಬ ಪ್ರಶ್ನೆ ಏಳುತ್ತಿತ್ತು. ‘ನಾಳೆ’, ‘ಇವತ್ತು’ ಎಂಬ ಮಾತುಗಳಂತೂ ಬೇಡವೇ ಬೇಡ, ಓದುವವರ ಊರಿನಲ್ಲಿ ಆಗಲೇ ಬೇರೆ ದಿನವಾಗಿರಬಹುದು.

ಇಲ್ಲಿ ಎಲ್ಲರಿಗೂ ಒಂದೇ ತಾರೀಖು ಬಂದಿದೆ, ಯಾವಾಗಲೂ ಹಾಗಾಗುವುದಿಲ್ಲ. ಅದೇ ದಿನ ಊರಿನಲ್ಲಿ ಬೆಳಿಗ್ಗೆ 7.30ಕ್ಕೆ ಸೇರಿದ್ದರೆ ನ್ಯೂಜೆರ್ಸಿಯಲ್ಲಿ ಇನ್ನೂ ಶನಿವಾರ ರಾತ್ರಿ 10. ಆಗ ಪ್ರತಿ ಊರಿನ ಮುಂದೆಯೂ ವಾರ, ತಾರೀಖು ಬರೆಯಲೇಬೇಕು.

ಕೊನೆಯ ಸಾಲನ್ನು ಬಿಡಬೇಡಿ. ‘ಸರಿ, ಬರ್ತೀವಿ’ ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ. ‘ಇಲ್ಲಿ ಬೆಳಿಗ್ಗೆ 7, ಅಲ್ವಾ ದೊಡ್ಡಪ್ಪ?’ ಎಂದು ಚಿಕ್ಕಮ್ಮ ಬರೆದಾಗ ಇಬ್ಬರ ಲೆಕ್ಕವೂ ತಾಳೆಯಾಗುತ್ತದೆ. ಸಮಯ ಬದಲಾದರೆ ಹಳೆಯ ಸಂದೇಶಕ್ಕೆ ತಿದ್ದುಪಡಿ ಅಂಟಿಸದೆ, ಅದನ್ನು ಅಳಿಸಿ ಎಲ್ಲ ಊರುಗಳ ಸಾಲನ್ನೂ ಹೊಸದಾಗಿ ಕಳಿಸಿ. ಇಲ್ಲದಿದ್ದರೆ ಯಾರೋ ಮೊದಲೇ ಫಾರ್ವರ್ಡ್ ಮಾಡಿದ ಹಳೆಯ ಪ್ರತಿ ಮತ್ತೆ ತಿರುಗಾಡುತ್ತದೆ.

ಎಲ್ಲರಿಗೂ ಒಗ್ಗುವ ಹೊತ್ತು ಹೆಚ್ಚಾಗಿ ಸಿಗುವುದಿಲ್ಲ. ಈ ಭೇಟಿಯಲ್ಲಿ ಮೆಲ್ಬರ್ನ್‌ನವರು ನಿದ್ದೆಗೆಡಬೇಕಾಗಿದೆ, ಮಾರನೆಯ ದಿನ ಅವರಿಗೆ ಕೆಲಸವೂ ಇರುತ್ತದೆ. ಅದಕ್ಕೇ ಪ್ರಕಟಣೆಯಲ್ಲಿ ಮುಗಿಯುವ ಹೊತ್ತನ್ನು ತಿಳಿಸುವುದು. ಅಜ್ಜಿಯ ಮಾತನ್ನು ಮೊದಲ ಇಪ್ಪತ್ತು ನಿಮಿಷದಲ್ಲೇ ಇಟ್ಟುಕೊಂಡು ಅದನ್ನೂ ಒಂದು ಸಾಲಿನಲ್ಲಿ ಬರೆದರೆ, ಬೇಗ ಏಳಬೇಕಾದವರು ಅದನ್ನು ಕೇಳಿಯೇ ಹೊರಡಬಹುದು.